ದುಬೈಗೆ ಹೋಗುವ ಮುಂಚಿನ ಅರ್ಜಿ

2023ರ ಆಗಸ್ಟ್ ಕೊನೆಯ ಮಾತು. ಕಮಲಾಪುರದಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಸಂಜೆ ಹೊತ್ತು ಒಂದು ಹಾಳೆ ಹಿಡಿದು ಬಂದಳು. ಗಂಡ ದುಬೈಯಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ. ತಾಯಿ, ಮಗ ಇಬ್ಬರಿಗೂ 60 ದಿನದ ವಿಸಿಟ್ ವೀಸಾ ಮಾಡಿಸಿ ಕರೆಸಿಕೊಳ್ಳುತ್ತಿದ್ದ. ಹುಡುಗ ಏಳನೇ ತರಗತಿ. ದಿನಾಲೂ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದ.

"ಕಾಕಾ, ಸಾಲಿಗಿ ಅರ್ಜಿ ಬರದೀನಿ, ಸ್ವಲ್ಪ ನೋಡ್ರಿ," ಅಂದಳು. ನಾನು ವರ್ಷಗಟ್ಟಲೆ ಶಾಲೆಯ ಹಾಜರಿ ಪುಸ್ತಕ ಬರೆದವನು, ಅದಕ್ಕೇ ನನ್ನ ಹತ್ತಿರ ಬಂದಿದ್ದಳು.

ಹಾಳೆಯಲ್ಲಿ ಒಂದೇ ಸಾಲು: ಮನೆಯ ಕೆಲಸದ ನಿಮಿತ್ತ ಮಗ ಕೆಲವು ದಿನ ಶಾಲೆಗೆ ಬರುವುದಿಲ್ಲ, ದಯವಿಟ್ಟು ರಜೆ ಕೊಡಬೇಕು. ಜೊತೆಗೆ ಯಾರೋ ಹೇಳಿದ್ದರಂತೆ, ಪರದೇಶ ಅಂದರೆ ಶಾಲೆಯವರು ಒಪ್ಪುವುದಿಲ್ಲ, ಟೈಫಾಯ್ಡ್ ಆಗಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ಇಟ್ಟುಬಿಡು ಅಂತ.

"ಅದು ಬ್ಯಾಡ ಮಗಳ," ಅಂದೆ. ಎರಡು ತಿಂಗಳ ಜ್ವರ ಅಂತ ಬರೆದರೆ ಕ್ಲಾಸ್ ಟೀಚರ್ ಮನೆಗೆ ನೋಡಲು ಬರುತ್ತಾರೆ, ಬೀಗ ಕಾಣುತ್ತಾರೆ. ಹುಡುಗ ತಿರುಗಿ ಬಂದ ಮೊದಲ ದಿನವೇ ಗೆಳೆಯರಿಗೆ ಸಮುದ್ರದ ಕಥೆ ಹೇಳದೇ ಇರುತ್ತಾನೆಯೇ? ಹನ್ನೆರಡು ವರ್ಷದ ಕೂಸಿಗೆ ನಾವೇ ಸುಳ್ಳು ಕಲಿಸಿ ಕಳಿಸಿದಂತಾಗುತ್ತದೆ. ಈ ಮಾತು ಅವಳಿಗೆ ನಾಟಿತು. ನಿಜ ಬರೆದರೂ ಹುಡುಗನಿಗೆ ತೊಂದರೆಯಿಲ್ಲ ಅಂತ ತಿಳಿಸಿ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಹೆದರಬೇಕಾದದ್ದು ಸುದ್ದಿಯೇ ಇಲ್ಲದ ಗೈರಿಗೆ. ಹೇಳದೆ ಕೇಳದೆ ದಿನಗಟ್ಟಲೆ ಬಾರದ ಮಗು ಶಾಲೆ ಬಿಟ್ಟವರ ಲೆಕ್ಕಕ್ಕೆ ಸೇರಿದರೆ ಅದನ್ನು ತಿದ್ದಿಸಲು ಓಡಾಡಬೇಕಾಗುತ್ತದೆ.

ಆಮೇಲೆ ಕ್ಯಾಲೆಂಡರ್ ತೆಗೆಸಿದೆ. ಸೆಪ್ಟೆಂಬರ್ 10ರ ಭಾನುವಾರ ಹೈದರಾಬಾದಿನಿಂದ ವಿಮಾನ, ನವೆಂಬರ್ 3ಕ್ಕೆ ವಾಪಸ್. ಕೇಳಲು 55 ದಿನ. ಆದರೆ ಅದರೊಳಗೇ ಅಕ್ಟೋಬರ್ 8ರಿಂದ 24ರವರೆಗೆ ದಸರೆ ರಜೆ ಇತ್ತು. ಭಾನುವಾರಗಳು, ಗಣೇಶ ಚೌತಿ, ಈದ್ ಮಿಲಾದ್, ಗಾಂಧಿ ಜಯಂತಿ, ರಾಜ್ಯೋತ್ಸವ ಎಲ್ಲ ಕಳೆದರೆ ಪಾಠ ತಪ್ಪುವುದು ಸುಮಾರು 30 ದಿನ ಮಾತ್ರ. ಅರ್ಜಿಯಲ್ಲಿ ಎರಡೂ ಲೆಕ್ಕ ಬರಿ ಅಂದೆ. 55 ಅಂತ ಓದಿದ ಮುಖ್ಯೋಪಾಧ್ಯಾಯರ ಮನಸ್ಸು ಬೇರೆ, 30 ಅಂತ ಓದಿದವರ ಮನಸ್ಸು ಬೇರೆ.

ನಾನು ಹೇಳಿದೆ, ಅವಳು ಬರೆದಳು:

"ಮಾನ್ಯರೇ, ನನ್ನ ಮಗ 7ನೇ ತರಗತಿಯಲ್ಲಿ ಓದುತ್ತಿದ್ದಾನೆ. ಅವನ ತಂದೆ ದುಬೈಯಲ್ಲಿ ಕೆಲಸದಲ್ಲಿದ್ದು, ನಾವಿಬ್ಬರೂ ಅವರಲ್ಲಿಗೆ ಹೋಗುತ್ತಿದ್ದೇವೆ. ಸೆಪ್ಟೆಂಬರ್ 11ರಿಂದ ಅವನು ಶಾಲೆಗೆ ಬರುವುದಿಲ್ಲ. ನವೆಂಬರ್ 6ರ ಸೋಮವಾರ ತಪ್ಪದೇ ಹಾಜರಾಗುತ್ತಾನೆ. ದಸರೆ ರಜೆ, ಹಬ್ಬದ ರಜೆ ಬಿಟ್ಟು ಸುಮಾರು 30 ದಿನದ ಪಾಠ ತಪ್ಪುತ್ತದೆ. ಹಾಜರಿಯಲ್ಲಿ ಅವನ ಹೆಸರು ಉಳಿಸಿಕೊಳ್ಳಬೇಕು. ದಸರೆಗೆ ಮುಂಚಿನ ಪರೀಕ್ಷೆಯನ್ನು ಬಂದ ಮೇಲೆ ಬರೆಯಲು ಅವಕಾಶ ಕೊಡಬೇಕೆಂದು ವಿನಂತಿ."

ಕೆಳಗೆ ಹುಡುಗನ ವಿಭಾಗ, ಎಸ್‌ಎಟಿಎಸ್ ನಂಬರ್, ಗಂಡನ ದುಬೈ ಫೋನ್, ಇಲ್ಲಿಯ ಅಜ್ಜಿಯ ಫೋನ್. ಎಸ್‌ಎಟಿಎಸ್ ನಂಬರ್ ಇದ್ದರೆ ಕ್ಲರ್ಕ್‌ಗೆ ಕಂಪ್ಯೂಟರಿನಲ್ಲಿ ಹುಡುಗನನ್ನು ಹುಡುಕುವುದು ಸುಲಭ. ವಿಮಾನ ಇಳಿಯುವುದು ಶುಕ್ರವಾರ, ಶಾಲೆಗೆ ಬರುವುದು ಸೋಮವಾರ. ಆ ನಡುವಿನ ಎರಡು ದಿನ ಬೇಕಂತಲೇ ಬಿಡಿಸಿದೆ. ವಿಮಾನ ತಡವಾದರೂ ಕೊಟ್ಟ ಮಾತು ತಪ್ಪಬಾರದು.

ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬಾ ಅಂದಿದ್ದೆ. ಹೋಗುವುದಕ್ಕೆ ಇನ್ನೂ ಎರಡು ವಾರ ಇದ್ದಾಗಲೇ ಕಲಬುರಗಿಗೆ ಹೋಗಿ ಬಂದಳು. ಆ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. ಅರ್ಜಿಯ ಅಂಚಿನಲ್ಲೇ "ಬಂದ ಮೇಲೆ ಪರೀಕ್ಷೆ ತೆಗೆದುಕೊಳ್ಳುವುದು" ಅಂತ ಬರೆದು ಕ್ಲಾಸ್ ಟೀಚರಿಗೆ ಕಳಿಸಿದರಂತೆ. ಗಣಿತ, ವಿಜ್ಞಾನದ ಪಾಠಗಳ ಪಟ್ಟಿಯನ್ನು ಟೀಚರ್ ವಾಟ್ಸಪ್‌ಗೆ ಹಾಕಿದರು. ಅಪ್ಪ ಕೆಲಸದಿಂದ ಬಂದು ರಾತ್ರಿ ಲೆಕ್ಕ ಮಾಡಿಸುತ್ತಿದ್ದನಂತೆ. ವರ್ಷಕ್ಕೊಮ್ಮೆ ಸಿಗುವ ಅಪ್ಪ ಪಕ್ಕದಲ್ಲಿ ಕೂತು ಲೆಕ್ಕ ಹೇಳಿಕೊಟ್ಟದ್ದು ಅವನಿಗೆ ಸಣ್ಣ ಪಾಠವಲ್ಲ ಅಂತಲೇ ನನ್ನ ನಂಬಿಕೆ.

ನವೆಂಬರ್ 6ಕ್ಕೆ ಹುಡುಗ ಶಾಲೆಗೆ ಹೋದ. ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಪರೀಕ್ಷೆ ಬರೆದ. ಗಣಿತದಲ್ಲಿ ಅಂಕ ಕಡಿಮೆ ಬಂತು, ಕನ್ನಡದಲ್ಲಿ ಚಲೋ ಬಂತು.

ಮರುವರ್ಷ ಅದೇ ಓಣಿಯ ಇನ್ನೊಬ್ಬರು ಆ ಸೀಲು ಬಿದ್ದ ಪ್ರತಿಯನ್ನು ಇಸಿದುಕೊಂಡು ನನ್ನ ಹತ್ತಿರ ಬಂದರು. "ನಮ್ದೂ ಹಿಂಗೇ ಬರದು ಕೊಡ್ರಿ ಕಾಕಾ." ಅವರ ಮಗಳು ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿಗೆ ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡುವುದೇ ಕಷ್ಟ. ಅಲ್ಲಿ ಯಾವ ಅರ್ಜಿಯೂ ದಿನಗಳನ್ನು ಹುಟ್ಟಿಸುವುದಿಲ್ಲ. ಟಿಕೆಟ್ ಇನ್ನೂ ತೆಗೆದಿಲ್ಲ ಅಂತ ತಿಳಿದು ಸಮಾಧಾನವಾಯಿತು. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹೋಗ್ರಿ ಅಂದೆ, ಹಾಗೇ ಮಾಡಿದರು.