ಏಕದಾಣಿ ಎಲ್ಲಿ ಹೋಯಿತು?

ಬೆಳಗಾವಿ ಸೀಮೆಯ ಒಂದು ಮನೆಯಲ್ಲಿ ತಾಯಿ ತೀರಿಕೊಂಡ ಮೇಲೆ ಆಭರಣದ ಪೆಟ್ಟಿಗೆಯನ್ನು ತೆರೆದರು. ಪೆಟ್ಟಿಗೆಯ ಜೊತೆಗೆ ಒಂದು ಹಳೆಯ ಪಟ್ಟಿಯೂ ಇತ್ತು. ತಾಯಿಯ ಮದುವೆಯ ಸಮಯದಲ್ಲಿ ಅವರ ತಂದೆ ಲೆಕ್ಕದ ಪುಸ್ತಕದ ಹಾಳೆಯೊಂದರಲ್ಲಿ ಬರೆದುಕೊಟ್ಟದ್ದು ಅದು. ಅಕ್ಷರ ಮಾಸಿರಲಿಲ್ಲ. ‘ಬೋರಮಾಳ 1, ಅರಗು ಸಹಿತ 2 ತೊಲೆ. ಏಕದಾಣಿ 1, ಅರಗು ಸಹಿತ ಎರಡೂವರೆ ತೊಲೆ. ಠುಶಿ 1. ಕುಂದಣದ ಪದಕ 1. ತಿರುಪಿನ ಪಾಟ್ಲಿ 1 ಜೋಡಿ. ಗೋಟು 1 ಜೋಡಿ. ಬೆಳ್ಳಿಯ ಕಾಲ್ಗಡಗ 1 ಜೋಡಿ.’

ಬದುಕಿದ್ದಾಗಲೇ ತಾಯಿ ಹೇಳಿಟ್ಟಿದ್ದರು: ಬೋರಮಾಳ ಮಗಳಿಗೆ, ಏಕದಾಣಿ ಹಿರಿಯ ಸೊಸೆಗೆ. ಆದರೆ ಪೆಟ್ಟಿಗೆಯಲ್ಲಿ ಕಂಡದ್ದು ಗುಂಡಿನ ಸರ ಒಂದೇ. ಎರಡೆಳೆಯದು, ಹಿಂದೆ ಚಿನ್ನದ ಸಣ್ಣ ಸರಪಳಿ, ಅದಕ್ಕೊಂದು ಕೊಂಡಿ. ಮಗಳು ಅದನ್ನೇ ಬೋರಮಾಳ ಎಂದು ಗುರುತಿಸಿದಳು. ತಾಯಿ ಕೊನೆಯ ವರ್ಷಗಳಲ್ಲಿ ಧರಿಸುತ್ತಿದ್ದದ್ದು ಅದನ್ನೇ, ಮನೆಯವರೆಲ್ಲ ಅದನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಹಾಗಾದರೆ ಏಕದಾಣಿ ಎಲ್ಲಿ? ಪೆಟ್ಟಿಗೆಯ ಕೀಲಿಕೈ ಹತ್ತು ವರ್ಷದಿಂದ ಇದ್ದದ್ದು ಹಿರಿಯ ಸೊಸೆಯ ಬಳಿ. ಯಾರೂ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆ ಮೌನವೇ ಆಕೆಗೆ ಕೇಳಿದಷ್ಟಾಯಿತು. ತನಗೇ ಬರಬೇಕಾದ ಒಡವೆಯನ್ನು ತಾನೇ ಮಾಯಮಾಡಿದಳೆಂಬ ಸಂಶಯ ತರ್ಕಕ್ಕೆ ನಿಲ್ಲದು; ಆದರೆ ಮನೆಯೊಳಗಿನ ಸಂಶಯ ತರ್ಕವನ್ನು ಕಾಯುವುದಿಲ್ಲ. ಮರುದಿನ ಆಕೆ ತಾನೇ ಊರಿನ ಹಳೆಯ ಪತ್ತಾರರಿಗೆ ಹೇಳಿಕಳಿಸಿದಳು.

ಪತ್ತಾರರು ಪಟ್ಟಿಯನ್ನು ಎರಡು ಸಲ ಓದಿಸಿಕೊಂಡರು. ಸರವನ್ನು ಕೈಗೆತ್ತಿಕೊಂಡು ಅಂಗೈಯಲ್ಲಿ ತಿರುವಿಹಾಕಿದರು. “ಮುಂದ ನೋಡಿದ್ರ ಏನೂ ತಿಳಿಯೂದಿಲ್ಲ, ತಂಗೀ. ತುದಿ ನೋಡಬೇಕು,” ಎಂದರು.

ಒಡವೆಯ ಹೆಸರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಆ ಮಾತು ಅರ್ಥವಾಗುವುದಿಲ್ಲ. ಕೆಲವು ಹೆಸರುಗಳು ಬಿಡಿ ಗುಂಡಿನ ಆಕಾರದಿಂದ ಬಂದವು. ಬೋರಮಾಳದ ಗುಂಡು ಬೋರೆಹಣ್ಣಿನ ಹಾಗೆ ತುಸು ಉದ್ದ, ನಡುವೆ ಉಬ್ಬು, ಎರಡು ಕಡೆ ಸಣ್ಣ. ಮೈಸೂರು ಸೀಮೆಯ ಅವಲಕ್ಕಿ ಸರದಲ್ಲಿ ಚಿನ್ನದ ಬಿಲ್ಲೆಗಳು ಅವಲಕ್ಕಿಯಂತೆ ತಟ್ಟಿದವು. ಕಾಸಿನ ಸರದಲ್ಲಿ ನಾಣ್ಯಗಳು ಒಂದರ ಮೇಲೊಂದು ಅರೆ ಮುಚ್ಚಿಕೊಂಡು ಕುಳಿತಿರುತ್ತವೆ. ಇಂಥ ಹೆಸರು ಸುಲಭವಾಗಿ ಅಳಿಯದು. ಸರವನ್ನು ಬಿಚ್ಚಿ ಹೇಗೆ ಪೋಣಿಸಿದರೂ ಬೋರೆಯ ಗುಂಡು ಬೋರೆಯದೇ. ಏಕದಾಣಿ ಹಾಗಲ್ಲ. ಅದರ ಹೆಸರಿರುವುದು ಎಣಿಕೆಯಲ್ಲಿ. ಒಂದೇ ಸಾಲಿನಲ್ಲಿ ಪೋಣಿಸಿದ ದೊಡ್ಡ ದುಂಡು ಗುಂಡುಗಳ ಸರ ಏಕದಾಣಿ. ಆ ಸಾಲಿಗೆ ಇನ್ನೊಂದು ಸಾಲು ಸೇರಿದ ಗಳಿಗೆಯಲ್ಲಿ ಹೆಸರು ಹೊರಟುಹೋಗುತ್ತದೆ, ಚಿನ್ನ ಉಳಿಯುತ್ತದೆ.

ಎಣಿಕೆಯಿಂದ ಸರಕ್ಕೆ ಹೆಸರಿಡುವುದು ಬಹಳ ಹಳೆಯ ರೂಢಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 1008 ಎಳೆಗಳ ಮುತ್ತಿನ ಹಾರ ಇಂದ್ರಚ್ಛಂದ, ಅದರ ಅರ್ಧ ವಿಜಯಚ್ಛಂದ, 64 ಎಳೆಯದು ಅರ್ಧಹಾರ, 27ರದು ನಕ್ಷತ್ರಮಾಲೆ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ ಇಂಥದೇ ಶ್ರೇಣಿ ಬರುತ್ತದೆ. ಅರ್ಥಶಾಸ್ತ್ರ ಎಳೆಯೊಳಗಿನ ಜೋಡಣೆಗೂ ಬೇರೆ ಹೆಸರು ಕೊಡುತ್ತದೆ: ನಡುವಿನಿಂದ ತುದಿಗೆ ಮುತ್ತು ಕ್ರಮವಾಗಿ ಸಣ್ಣದಾಗುತ್ತ ಹೋದರೆ ಅದು ಅವಘಾಟಕ, ಎಲ್ಲವೂ ಸಮವಾಗಿದ್ದರೆ ತರಲಪ್ರತಿಬಂಧ. ಆದರೆ ಎಣಿಕೆಯ ಹೆಸರಿನಲ್ಲೊಂದು ತೊಡಕಿದೆ. ಅಮರಕೋಶದಲ್ಲಿ ನಕ್ಷತ್ರಮಾಲೆಯೆಂದರೆ 27 ಮುತ್ತುಗಳ ಒಂದೇ ಎಳೆ. ಅಲ್ಲಿ ಎಳೆಯ ಲೆಕ್ಕ, ಇಲ್ಲಿ ಮುತ್ತಿನ ಲೆಕ್ಕ. ಹೆಸರು ಮಾತ್ರ ಒಂದೇ. ಹಳಗನ್ನಡದ ವರ್ಣನೆಯೊಂದರಲ್ಲಿ ಈ ಪದ ಬಂದಾಗ ಟಿಪ್ಪಣಿಕಾರರು ಯಾವುದೋ ಒಂದು ಅರ್ಥವನ್ನು ನಿಶ್ಚಿಂತೆಯಿಂದ ಬರೆದು ಮುಂದೆ ಹೋಗುವುದುಂಟು. ಒಂದು ಕೊರಳಿಗೂ 27 ಎಳೆಗೂ ಇರುವ ಸಂಬಂಧವನ್ನು ಅವರು ಕ್ಷಣಕಾಲ ಊಹಿಸಿಕೊಳ್ಳಬಾರದೆ?

ಪತ್ತಾರರ ಅಂಗೈಯಲ್ಲಿದ್ದ ಸರದ ಮೇಲಿನ ಎಳೆಯ ಗುಂಡುಗಳು ಉದ್ದನೆಯವು, ಸಣ್ಣವು. ಕೆಳಗಿನ ಎಳೆಯವು ದುಂಡನೆಯವು, ದೊಡ್ಡವು. ಧರಿಸಿದಾಗ ಇದು ಕಣ್ಣಿಗೆ ಬೀಳದು. ಕೆಳಗಿನ ಎಳೆ ದೊಡ್ಡದಿರುವುದು ಅಲಂಕಾರವೆಂದೇ ತೋರುತ್ತದೆ. ತುದಿಯಲ್ಲಿ ಬೇರೆಯೇ ಸಾಕ್ಷ್ಯವಿತ್ತು. ಕೊಂಡಿಯ ನಾಲಗೆಯ ಮೇಲೆ 916 ಎಂಬ ಅಂಕಿ ಒತ್ತಿತ್ತು. ನೂರರಲ್ಲಿ 91.6 ಪಾಲು ಚಿನ್ನ, ಅಂದರೆ 22 ಕ್ಯಾರೆಟ್ ಎಂದು ಅದರ ಅರ್ಥ. ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕುವ ಸರಕಾರಿ ಪದ್ಧತಿ ಭಾರತದಲ್ಲಿ ಬಂದದ್ದು 2000ದಲ್ಲಿ. ಆ ತಾಯಿಯ ಮದುವೆಯ ಕಾಲದ ಸರಗಳಿಗೆ ಕೊಂಡಿಯೇ ಇರುತ್ತಿರಲಿಲ್ಲ. ಗುಂಡುಗಳನ್ನು ರೇಷ್ಮೆಯ ಹುರಿಯಲ್ಲಿ ಪೋಣಿಸಿ, ಹಿಂದೆ ಗೊಂಡೆ ಬಿಟ್ಟು ಕಟ್ಟುತ್ತಿದ್ದರು. ಗುಂಡಿನ ತೂತಿನ ಅಂಚು ಹುರಿಯ ಉಜ್ಜಾಟದಿಂದ ನುಣುಪಾಗಿತ್ತು. ಕೊಂಡಿಯ ಅಂಚು ಇನ್ನೂ ಚೂಪು. ಕೊಂಡಿ ಹೊಸದು, ಗುಂಡು ಹಳೆಯವು, ಅವೂ ಎರಡು ಬಗೆಯವು. ತಾಯಿ ವಯಸ್ಸಾದ ಮೇಲೆ, ಹುರಿ ಸವೆದು ಹೋದಾಗ, ಎರಡು ಸರಗಳನ್ನು ಕೂಡಿಸಿ ಒಂದು ಮಾಡಿಸಿಕೊಂಡಿದ್ದರು.

“ಏಕದಾಣಿ ಎಲ್ಲೂ ಹೋಗಿಲ್ಲರೀ. ಬೋರಮಾಳದ ಕೆಳಗ ಕುಂತೈತಿ.”

ಮಗಳಿಗೆ ಇದು ತಟ್ಟನೆ ಒಪ್ಪಿಗೆಯಾಗಲಿಲ್ಲ. ತೂಕ ಕೂಡಬೇಕಲ್ಲ? ತೊಲೆಯೆಂದರೆ 11.66 ಗ್ರಾಂ, ಪಟ್ಟಿಯ ನಾಲ್ಕೂವರೆ ತೊಲೆ ಎಂದರೆ ಸುಮಾರು 52.5 ಗ್ರಾಂ. ಸರ ತಕ್ಕಡಿಯಲ್ಲಿ 50.3 ಗ್ರಾಂ ತೂಗಿತು. ಹೊಸ ಸರಪಳಿ ಮತ್ತು ಕೊಂಡಿಯ 2.1 ಗ್ರಾಂ ಕಳೆದರೆ ಗುಂಡುಗಳದು 48.2. ನಾಲ್ಕು ಗ್ರಾಂಗಿಂತ ಹೆಚ್ಚು ಕಡಿಮೆ! ಮನೆಯಲ್ಲಿ ಮತ್ತೆ ಮೌನ. ಪತ್ತಾರರು ದುಂಡು ಗುಂಡುಗಳನ್ನು ಎಣಿಸಿದರು: 21. ಒಂದನ್ನು ಬಿಚ್ಚಿ ತೂಗಿದರು: 1.2 ಗ್ರಾಂ. ಬಳಿಕ ತಾಯಿಯ ಕುಂಕುಮದ ಕರಡಿಗೆ ಎಲ್ಲಿದೆ ಎಂದು ಕೇಳಿದರು. ಎಳೆ ಕೂಡಿಸುವಾಗ ಉದ್ದ ಹೊಂದಿಸಲು ಕೆಲವು ಗುಂಡುಗಳನ್ನು ತೆಗೆಯಬೇಕಾಗುತ್ತದೆ, ತೆಗೆದದ್ದನ್ನು ಹೆಂಗಸರು ಎಲ್ಲಿಡುತ್ತಾರೆಂಬುದು ಅವರಿಗೆ ಕಸುಬಿನಿಂದ ತಿಳಿದಿತ್ತು. ಕರಡಿಗೆಯ ತಳದಲ್ಲಿ ಅರಿಶಿನ ಹತ್ತಿದ ಬಟ್ಟೆಯ ಗಂಟು; ಅದರಲ್ಲಿ ಮೂರು ದುಂಡು ಗುಂಡು, 3.6 ಗ್ರಾಂ. ಉಳಿದ 0.7 ಗ್ರಾಂ ಎರಡು ಹುರಿಗಳದು, ಗೊಂಡೆಗಳದು. ಹಳೆಯ ಪಟ್ಟಿಗಳಲ್ಲಿ ಸರವನ್ನು ಹುರಿಯೊಡನೆಯೇ ತೂಗುತ್ತಿದ್ದರು.

ಹಿರಿಯ ಸೊಸೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗಳು ಹಿಂದೆಯೇ ಹೋಗಿ “ವೈನಿ, ಚಾ ನಾ ಮಾಡ್ತೀನಿ, ನೀವು ಕೂಡ್ರಿ” ಎಂದಳು. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ನಡೆದಂತಿಲ್ಲ.

‘ಅರಗು ಸಹಿತ’ ಎಂಬ ಎರಡು ಪದಗಳು ಆ ಪಟ್ಟಿಯನ್ನು ಬರೆದ ಹಿರಿಯರ ಪ್ರಾಮಾಣಿಕತೆಗೆ ಸಾಕ್ಷಿ. ಇಂಥ ಗುಂಡುಗಳು ಗಟ್ಟಿಯಲ್ಲ. ತೆಳುವಾದ ತಗಡನ್ನು ಅಚ್ಚಿನಲ್ಲಿ ಬಟ್ಟಲಿನಂತೆ ಒತ್ತಿ, ಎರಡು ಬಟ್ಟಲುಗಳನ್ನು ಬೆಸೆದು, ಚಪ್ಪಟೆಯಾಗದಿರಲೆಂದು ಒಳಗೆ ಅರಗು ತುಂಬುತ್ತಾರೆ. ಗಂಟಿನಲ್ಲಿದ್ದ ಮೂರರಲ್ಲಿ ಒಂದು ಬೆಸುಗೆಯಲ್ಲಿ ಬಾಯಿ ಬಿಟ್ಟಿತ್ತು. ಪತ್ತಾರರು ಅದನ್ನು ಕಾಯಿಸಿ ಅರಗನ್ನು ಇಳಿಸಿ ತೋರಿಸಿದರು: ಚಿನ್ನ 0.8 ಗ್ರಾಂ, ಅರಗು 0.4. ಹಾಗಾಗಿ ಎರಡೂವರೆ ತೊಲೆಯ ಏಕದಾಣಿಯಲ್ಲಿ ಚಿನ್ನ ಸುಮಾರು 19 ಗ್ರಾಂ ಮಾತ್ರ. ಅರಗಿನ ಮಾತನ್ನು ಬಿಟ್ಟು ಬರಿಯ ತೂಕ ಬರೆದ ಪಟ್ಟಿಗಳಿಂದ ಎಷ್ಟು ಮನೆಗಳಲ್ಲಿ ಸೊಸೆಯ ತವರಿಗೆ ಅಪವಾದ ಬಂದಿದೆಯೋ! ಕರಗಿಸಿದ ದಿನ ಮೂರನೆಯ ಒಂದು ಪಾಲು ಆವಿಯಾದಂತೆ ಕಾಣುತ್ತದೆ. ತೂಗಿದವನನ್ನು ಯಾರೂ ಸಂಶಯಿಸುವುದಿಲ್ಲ, ಕೊಟ್ಟವರನ್ನು ಸಂಶಯಿಸುತ್ತಾರೆ.

ಪದಕದ ಹೆಸರು ಬಂದದ್ದು ಇನ್ನೊಂದೆಡೆಯಿಂದ: ಆಕಾರದಿಂದಲೂ ಅಲ್ಲ, ಎಣಿಕೆಯಿಂದಲೂ ಅಲ್ಲ, ಹರಳು ಕೂಡಿಸಿದ ರೀತಿಯಿಂದ. ಕುಂದಣವೆಂದರೆ ಪುಟಕ್ಕಿಟ್ಟು ಶುದ್ಧಗೊಳಿಸಿದ ಮೆತ್ತನೆಯ ಚಿನ್ನ. ಅದರ ತೆಳುವಾದ ಪಟ್ಟಿಯನ್ನು ಹರಳಿನ ಸುತ್ತ ಇಟ್ಟು ಉಕ್ಕಿನ ಕಡ್ಡಿಯಿಂದ ಒತ್ತುತ್ತ ಹೋದರೆ ಬೆಸುಗೆಯಿಲ್ಲದೆ, ಬೆಂಕಿಯಿಲ್ಲದೆ ಅದು ತನ್ನೊಳಗೆ ತಾನೇ ಬೆಸೆದುಕೊಳ್ಳುತ್ತದೆ. ಮಗಳು ಕೈಯಲ್ಲಿದ್ದ ಕೆಂಪು ಹರಳಿನ ಪದಕವನ್ನು ಬೆಳಕಿಗೆ ಹಿಡಿದಳು, ಬೆಳಕು ದಾಟಲಿಲ್ಲ. ಹಿಂಬದಿ ಪೂರ್ತಿ ಚಿನ್ನದ ಹಾಳೆ, ಮುಂದೆ ಹರಳನ್ನು ಹಿಡಿದ ಹಲ್ಲುಗಳೇ ಇಲ್ಲ, ಸುತ್ತ ಕೂದಲೆಳೆಯಂಥ ಹೊಳಪಿನ ಗೆರೆ ಮಾತ್ರ. ಅದು ಕುಂದಣವೇ. ಎರಡು ಹರಳುಗಳು ಮಾತ್ರ ಮಂಕಾಗಿದ್ದವು. ಹರಳಿನ ಅಡಿಯಲ್ಲಿ ಹೊಳಪಿಗೆಂದು ತೆಳ್ಳನೆಯ ತಗಡು ಹಾಸಿರುತ್ತಾರೆ. ಸೀಗೆಪುಡಿ ಹಾಕಿ ತೊಳೆದಾಗ ನೀರು ಒಳಗೆ ಇಳಿದು ಅದು ಕಪ್ಪಾಗಿತ್ತು. ಹರಳು ಕೆಟ್ಟಿರಲಿಲ್ಲ.

ಬಳೆಗಳಲ್ಲಿ ಗೊಂದಲವಿರಲಿಲ್ಲ. ಚಪ್ಪಟೆಯಾಗಿ ಅಗಲವಾದದ್ದು ಪಾಟ್ಲಿ, ದುಂಡು ಸಲಾಕೆಯಂತಿರುವುದು ಗೋಟು. ಪಾಟ್ಲಿಗೆ ‘ತಿರುಪಿನ’ ಎಂಬ ವಿಶೇಷಣ ಬಂದದ್ದು ಬಾಯಿಯಿಂದ: ಒಂದು ಕಡೆ ಕೀಲು, ಇನ್ನೊಂದು ಕಡೆ ತಿರುಗಿಸಿ ಬಿಗಿಯುವ ತಿರುಪು. ಜೋಡಿಯ ಎರಡು ತಿರುಪುಗಳು ಅದಲುಬದಲಾದರೆ ಹಿಡಿಯುವುದಿಲ್ಲವಾದ್ದರಿಂದ ಮಾಡಿದವರು ಒಂದರ ಬಾಯಿಯ ಒಳಗೂ ಅದರ ತಿರುಪಿನ ತಲೆಯಲ್ಲಿಯೂ ಒಂದೊಂದು ಸಣ್ಣ ಗೀಟು ಹಾಕಿದ್ದರು. ಕಾಲ್ಗಡಗ ಬೆಳ್ಳಿಯದೆಂದು ಮೊಮ್ಮಗಳೊಬ್ಬಳಿಗೆ ನಿರಾಶೆ. ಸೊಂಟದ ಕೆಳಗೆ ಚಿನ್ನ ಧರಿಸದ ರೂಢಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ಗೆಜ್ಜೆ ಏಕಿಲ್ಲ ಎಂದೂ ಕೇಳಿದಳು. ಗೆಜ್ಜೆಯಿದ್ದಿದ್ದರೆ ಪಟ್ಟಿಯಲ್ಲಿ ಕಡಗವೆಂದು ಬರೆಯುತ್ತಿರಲಿಲ್ಲ.

ಎರಡೆಳೆಯ ಸರವನ್ನು ಮತ್ತೆ ಬೇರ್ಪಡಿಸುವುದೆಂದು ನಿಶ್ಚಯವಾಯಿತು. ಪತ್ತಾರರು ಒಡೆದ ಗುಂಡನ್ನು ಬೆಸೆದು ಹೊಸ ಅರಗು ತುಂಬಿದರು, 24 ದುಂಡು ಗುಂಡುಗಳನ್ನು ಕೆಂಪು ರೇಷ್ಮೆಯ ಹುರಿಯಲ್ಲಿ ಪೋಣಿಸಿದರು. ಕೊಂಡಿ, ಸರಪಳಿ ಬೋರಮಾಳಕ್ಕೆ ಉಳಿದವು. ಪೇಟೆಯಲ್ಲಿ ಕೆಲಸಕ್ಕೆ ಹೋಗುವ ಮಗಳಿಗೆ ಹುರಿ ಕಟ್ಟಿಕೊಳ್ಳುವ ಪುರುಸೊತ್ತಿಲ್ಲ. ಹೊಸ ಪಟ್ಟಿಯನ್ನು ಹಿರಿಯ ಸೊಸೆಯೇ ಬರೆದಳು. ‘ಏಕದಾಣಿ 1, ಗುಂಡು 24, ಅರಗು ಮತ್ತು ಹುರಿ ಸಹಿತ’ ಎಂದು ಬರೆದು, ತೂಕದ ಜಾಗ ಖಾಲಿ ಬಿಟ್ಟು, ತಕ್ಕಡಿಯನ್ನು ಇನ್ನೊಮ್ಮೆ ತರಿಸಿದಳು.