ಮೊದಲ ಕಾರಿಗೆ ಅರ್ಧ ಗಂಟೆ

ಹಳೆಯ ಕಾರನ್ನು ಓಡಿಸಿ ನೋಡಲು ಹೊರಟರೆ ಮನಸ್ಸು ತಾನಾಗಿ ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಯ ಕಡೆಗೆ ಓಡುತ್ತದೆ. ಅಗಲವಾದ ರಸ್ತೆ, ಟಾಪ್ ಗೇರು, ತಣ್ಣಗೆ ಎಸಿ. ಅಲ್ಲಿ ಸುಮಾರಾದ ಕಾರೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಸಿಗುವ ಅರ್ಧ ಗಂಟೆಯಲ್ಲಿ ಹೆಚ್ಚಿನ ಪಾಲು ರವೀಂದ್ರನಗರದ ಅಡ್ಡರಸ್ತೆಗಳಿಗೇ ಸಲ್ಲಬೇಕು. ಕಾರಿನ ಸವೆತ ಬಾಯಿ ಬಿಡುವುದು ನಿಧಾನದಲ್ಲಿ. ವೇಗದಲ್ಲಿ ಗಾಳಿ ಮತ್ತು ಟೈರಿನ ಸದ್ದು ಅದನ್ನು ಮುಚ್ಚಿಬಿಡುತ್ತವೆ.

ಬೆಳಿಗ್ಗೆಯೇ ಹೋಗಿ, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದೇ ಲೇಸು. ಬಿಸಿ ಎಂಜಿನ್ ತಣ್ಣಗಿನ ಎಂಜಿನ್ನಿನ ತಕರಾರನ್ನು ಅಡಗಿಸುತ್ತದೆ. ಕೀ ತಿರುಗಿಸಿದಾಗ ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಒಮ್ಮೆಯೂ ಹೊತ್ತದಿದ್ದರೂ, ಆರದೆ ಹೊತ್ತಿಯೇ ಇದ್ದಷ್ಟೇ ಅನುಮಾನ ಪಡಬೇಕು. ಹಿಂದೆ ನಿಂತವರು ಹೊಗೆ ನೋಡಲಿ. ಚಳಿಯಲ್ಲಿ ತೆಳುವಾದ ಬಿಳಿ ಆವಿ ಬಂದು ಕರಗಿದರೆ ಚಿಂತೆಯಿಲ್ಲ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ಇನ್ನು ಹೊರಡುವಾಗ ಹಾಡು, ಎಸಿ ಎರಡೂ ಬಂದ್. ಹಂಪ್‌ಗಳನ್ನು ಮೊದಲು ಎರಡೂ ಚಕ್ರ ಒಟ್ಟಿಗೆ, ಮತ್ತೆ ಒಂದು ಬದಿಯ ಚಕ್ರ ಮಾತ್ರ ಹತ್ತುವಂತೆ ದಾಟಿ. ಒಂದೇ ಮೂಲೆಯಿಂದ 'ಟಕ್' ಎಂದರೆ ಲಿಂಕ್ ರಾಡೋ ಬುಷ್ಷೋ ಸವೆದಿರುತ್ತದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತು ಹಾಕಿದಾಗ 'ಟಕಟಕ' ಎಂದರೆ ಆಕ್ಸಲ್ ಜಾಯಿಂಟಿನದು. ಕ್ಲಚ್ ನೋಡಲು, ಸಂಚಾರವಿಲ್ಲದ ಕಡೆ ಸುಮಾರು 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿ. ಎಂಜಿನ್ನಿನ ಸದ್ದು ಏರಿ ಕಾರು ಮಾತ್ರ ಮುಂದೆ ನುಗ್ಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಮಲೆನಾಡಿನ ಕಾರು ಒಂದಲ್ಲ ಒಂದು ದಿನ ಆಗುಂಬೆ ಘಾಟಿ ಹತ್ತಲೇಬೇಕು. ಜಾರುವ ಕ್ಲಚ್ ಅಲ್ಲಿ ಕೈಕೊಡುತ್ತದೆ.

ಮೆಕ್ಯಾನಿಕ್ ಇರುವಾಗ ಇದೆಲ್ಲ ಯಾಕೆ ಎನ್ನಬಹುದು. ಮೆಕ್ಯಾನಿಕ್ ಬೇಕೇ ಬೇಕು. ಆದರೆ ಯಾವ ಮೂಲೆಯ ಸದ್ದು, ಎಷ್ಟು ತಣ್ಣಗಿದ್ದಾಗ ಬಂತು ಎಂದು ಹೇಳಿದರೆ ಅವರ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ. ಮೇಲಾಗಿ ಕ್ಲಚ್ ಪೂರ್ತಿ ಒತ್ತಿದಾಗ ನಿಮ್ಮ ಮೊಣಕಾಲು ಸ್ವಲ್ಪ ಬಾಗಿಯೇ ಇರುತ್ತದೆಯೇ, ಹಿಂದೆ ತೆಗೆಯುವಾಗ ನಿಮಗೆ ಮೂಲೆ ಕಾಣುತ್ತದೆಯೇ ಎಂಬುದನ್ನು ಬೇರೆಯವರು ಹೇಳಲಾರರು.

ವೇಗದಲ್ಲೇ ಕಾಣುವ ದೋಷಗಳಿಲ್ಲವೇ? ಇವೆ. 70–80ರ ಸುಮಾರಿಗೆ ಸ್ಟೇರಿಂಗ್ ನಡುಗುವುದು, ವೇಗದ ಜೊತೆ ಏರುವ ಬೇರಿಂಗಿನ 'ಗುಂಯ್' ಸದ್ದು, ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುವುದು. ಭದ್ರಾವತಿ ರಸ್ತೆಯಲ್ಲಿ ಎಂಟು ನಿಮಿಷ ಇದಕ್ಕೆ ಸಾಕು. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುವುದರಿಂದ ಕಾರು ತುಸು ಎಡಕ್ಕೆ ವಾಲಿದರೆ ಅದನ್ನೇ ದೋಷವೆಂದು ಹಿಡಿಯಬಾರದು. ಮರಳಿದ ಮೇಲೆ ಎಸಿ ಹಾಕಿ ಐದು ನಿಮಿಷ ನಿಂತಲ್ಲೇ ಓಡಲು ಬಿಟ್ಟು ಟೆಂಪರೇಚರ್ ಏರುತ್ತದೆಯೇ ನೋಡಿ. ಆಮೇಲೆ ಕಾರಿನ ಕೆಳಗೆ ಬಗ್ಗಿ ನೋಡಿ. ತೊಟ್ಟಿಕ್ಕುವ ತಿಳಿನೀರು ಎಸಿಯದು. ಬಣ್ಣದ್ದೋ ಜಿಡ್ಡಿನದ್ದೋ ಆದರೆ ರಿಪೇರಿಯ ಅಂದಾಜು ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.