ಮದುವೆಯ ಮನೆಯಲ್ಲಿ ಎರಡು ಚಪ್ಪಾಳೆ

ಮದುವೆಯ ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡುವಾಗ, ಪುರೋಹಿತರ ತುಟಿ ಒಂದು ಮಂತ್ರವನ್ನೂ ಅವರ ಧ್ವನಿ ಮತ್ತೊಂದು ಮಂತ್ರವನ್ನೂ ಹೇಳುವಂತೆ ತೋರಿದರೆ ನೋಡುವವರಿಗೆ ಏನೋ ಕಸಿವಿಸಿಯಾಗುತ್ತದೆ. ಕಾರಣವೇನೆಂಬುದು ಮಾತ್ರ ಹೊಳೆಯುವುದಿಲ್ಲ. ಚಿತ್ರವನ್ನು ಹಿಡಿದ ಯಂತ್ರ ಬೇರೆ, ಧ್ವನಿಯನ್ನು ಹಿಡಿದ ಯಂತ್ರ ಬೇರೆ. ಇವೆರಡನ್ನೂ ಹೊಂದಿಸುವ ಕೆಲಸವು ಚಪ್ಪರ ಬಿಚ್ಚಿದ ಮೇಲೆ ನಡೆಯತಕ್ಕದ್ದು. ಮದುವೆಗಳ ಚಿತ್ರ ತೆಗೆಯುವುದೇ ನಮ್ಮ ಕಸಬಾದುದರಿಂದ, ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ನಡೆದ ಒಂದು ಮದುವೆಯನ್ನೇ ಮುಂದಿಟ್ಟುಕೊಂಡು ಆ ಕೆಲಸದ ಬಗೆಯನ್ನು ವಾಚಕರಿಗೆ ತಿಳಿಸಬಯಸುತ್ತೇವೆ.

ಆ ಮನೆಯ ಹಿರಿಯರಾದ ಅಜ್ಜಿಯವರಿಗೆ ಎಂಬತ್ತು ದಾಟಿತ್ತು. ಹಸೆಗೆ ಕರೆಯುವಾಗ ಅವರು ಹೇಳುವ ಹಾಡೊಂದಿತ್ತು; ಗಡಿಯ ಸೀಮೆಯಾದುದರಿಂದ ಅದರಲ್ಲಿ ಕನ್ನಡವೂ ತೆಲುಗೂ ಬೆರೆತಿದ್ದುವು. ಮದುವೆಗೆ ಮುನ್ನ ಆ ಮನೆಯ ಸೊಸೆ ನಮ್ಮ ಬಳಿಗೆ ಬಂದು, “ಅಣ್ಣಾ, ಅತ್ತೆಯವರ ಹಾಡು ನಮ್ಮಲ್ಲಿ ಯಾರಿಗೂ ಪೂರ್ತಿ ಬಾರದು. ಹಲ್ಲು ಬಿದ್ದಿರುವುದರಿಂದ ಕೆಲವು ಮಾತು ಕಿವಿಗೆ ತಿಳಿಯುವುದೂ ಇಲ್ಲ. ತುಟಿ ನೋಡಿಕೊಂಡು ಕೇಳಿದರೆ ಕಲಿಯಬಹುದು; ಅದೊಂದನ್ನು ಸರಿಯಾಗಿ ತೆಗೆದುಕೊಡಿ” ಎಂದಿದ್ದರು. ತುಟಿಗೂ ಧ್ವನಿಗೂ ಕೂದಲೆಳೆಯಷ್ಟು ಅಂತರ ಬಂದರೂ ಆಕೆಯ ಉದ್ದೇಶ ಕೆಡುತ್ತಿತ್ತು.

ನಾವು ಮೂರು ಕ್ಯಾಮರಾಗಳನ್ನು ಬಳಸಿದೆವು. ಒಂದು ಮಂಟಪದ ಹತ್ತಿರ ಮುಕ್ಕಾಲಿಯ ಮೇಲೆ ಎಡೆಬಿಡದೆ ನಡೆಯುತ್ತಿತ್ತು, ಎರಡನೆಯದು ಕೈಯಲ್ಲಿ, ಮೂರನೆಯದು ಚಪ್ಪರದ ಬಾಗಿಲ ಬಳಿ, ಮಂಟಪದಿಂದ ಸುಮಾರು 28 ಮೀಟರು ದೂರದಲ್ಲಿ. ರೆಕಾರ್ಡರನ್ನು ಮಂಟಪದ ಕಂಬದ ಬಳಿ ಇರಿಸಿ, ಮೈಕನ್ನು ಹಸೆಯ ಕಡೆಗೆ ತಿರುಗಿಸಿದ್ದೆವು. ಓಲಗದವರು ಬಾರಿಸತೊಡಗುವ ಮುನ್ನ ನಮ್ಮ ಹುಡುಗನೊಬ್ಬನು ಮೂರು ಕ್ಯಾಮರಾಗಳಿಗೂ ಕಾಣುವಂತೆ ರೆಕಾರ್ಡರಿನ ಪಕ್ಕದಲ್ಲಿ ನಿಂತು, ಎರಡು ಅಂಗೈಗಳನ್ನೂ ಅಗಲಿಸಿ ಒಂದೇ ಒಂದು ಚಪ್ಪಾಳೆ ತಟ್ಟಿದನು. ವಾಕ್ಚಿತ್ರಗಳ ಕಾಲದಿಂದಲೂ ಚಿತ್ರ ತೆಗೆಯುವವರು ಮರದ ಹಲಗೆಯನ್ನು ಬಡಿಯುವುದು ಇದಕ್ಕಾಗಿಯೇ. ಅಂಗೈಗಳು ಕೂಡುವ ಕ್ಷಣ ಕಣ್ಣಿಗೆ ಕಾಣುತ್ತದೆ. ಅದೇ ಕ್ಷಣದ ಸದ್ದು ಕಿವಿಗೆ ಕೇಳುತ್ತದೆ. ಗಣಕಯಂತ್ರದ ತೆರೆಯ ಮೇಲೆ ಧ್ವನಿಯನ್ನು ಅಲೆಗೆರೆಯಾಗಿ ನೋಡಿದರೆ, ಆ ಚಪ್ಪಾಳೆಯು ಬಯಲಿನ ನಡುವೆ ನಿಂತ ಒಂಟಿ ತಾಳೆಯ ಮರದಂತೆ ಎದ್ದು ಕಾಣುತ್ತದೆ.

ಈಗಿನ ತಂತ್ರಾಂಶಗಳು ಈ ಅಲೆಗೆರೆಗಳನ್ನು ತಾವೇ ಹೊಂದಿಸಬಲ್ಲವು. ಪ್ರತಿಯೊಂದು ಕ್ಯಾಮರಾವೂ ತನ್ನ ಸಣ್ಣ ಮೈಕಿನಿಂದ ಸುಮಾರಾಗಿ ಧ್ವನಿಯನ್ನು ಹಿಡಿದಿರುತ್ತದೆ. ತಂತ್ರಾಂಶವು ಅದರ ಗೆರೆಯನ್ನು ರೆಕಾರ್ಡರಿನ ಗೆರೆಯ ಮೇಲೆ ಹಿಂದುಮುಂದಾಗಿ ಸರಿಸಿ, ಏರಿಗೆ ಏರು, ತಗ್ಗಿಗೆ ತಗ್ಗು ಎಲ್ಲಿ ಚೆನ್ನಾಗಿ ಕೂಡುವುದೋ ಅಲ್ಲಿ ನಿಲ್ಲಿಸುತ್ತದೆ. ಆದರೆ ಅದಕ್ಕೆ ಕಿವಿಯುಂಟು, ಕಣ್ಣಿಲ್ಲ. ನಮ್ಮ ಮೂರನೆಯ ಕ್ಯಾಮರಾದಲ್ಲಿ ಈ ಕೊರತೆ ಕಂಡುಬಂದಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 350 ಮೀಟರು ಹೋಗುವುದರಿಂದ 28 ಮೀಟರು ದಾಟಲು ಸೆಕೆಂಡಿನ ನೂರರಲ್ಲಿ ಎಂಟು ಭಾಗ ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ತೆಗೆಯುವಾಗ ಇದು ಎರಡು ಚಿತ್ರಗಳ ಕಾಲ. ಆ ಕ್ಯಾಮರಾದ ಚಿತ್ರದಲ್ಲಿ ಅಂಗೈ ಕೂಡಿದ ಎರಡು ಚಿತ್ರಗಳ ತರುವಾಯ ಅದರ ಮೈಕಿಗೆ ಸದ್ದು ಮುಟ್ಟಿತ್ತು. ತಂತ್ರಾಂಶವು ಸದ್ದಿಗೆ ಸದ್ದನ್ನು ಕೂಡಿಸಿದಾಗ ಚಿತ್ರವು ಎರಡು ಹೆಜ್ಜೆ ಮುಂದೋಡಿ, ತುಟಿ ಮೊದಲು ಆಡಿ ಮಾತು ಹಿಂದೆ ಬರುವಂತಾಯಿತು. ಆದುದರಿಂದ ದೂರದ ಕ್ಯಾಮರಾವನ್ನು ನಾವು ಸದ್ದಿನಿಂದಲ್ಲದೆ ಅಂಗೈ ಕೂಡಿದ ಚಿತ್ರದಿಂದಲೇ ರೆಕಾರ್ಡರಿನ ಚಪ್ಪಾಳೆಗೆ ಹೊಂದಿಸಿದೆವು.

ಇನ್ನು ಕೈಯಲ್ಲಿದ್ದ ಕ್ಯಾಮರಾ. ಅದನ್ನು ಬೇಕಾದಾಗ ನಡೆಸಿ, ಬೇಡವಾದಾಗ ನಿಲ್ಲಿಸುತ್ತಿದ್ದುದರಿಂದ ಅದರ ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ಪ್ರತಿ ತುಣುಕಿಗೂ ಚಪ್ಪಾಳೆ ತಟ್ಟುತ್ತ ನಿಂತರೆ ಮದುವೆ ಸಾಗುವುದಿಲ್ಲ. ಇಲ್ಲಿ ಅಲೆಗೆರೆಯೇ ಗತಿ. ಅಜ್ಜಿಯವರ ಮುಖವು ಹತ್ತಿರದಿಂದ ಸಿಕ್ಕಿದ್ದುದು ಇಂಥ ಒಂದು ತುಣುಕಿನಲ್ಲಿ ಮಾತ್ರವೇ. ತಂತ್ರಾಂಶವು ಅದನ್ನು ಕ್ಷಣದಲ್ಲಿ ಹೊಂದಿಸಿಕೊಟ್ಟಿತು. ನೋಡಿದರೆ ಅಜ್ಜಿಯವರು ಬಾಯಿ ಮುಚ್ಚಿದಾಗ ಹಾಡು ಕೇಳುತ್ತಿದೆ! ಕಾರಣ ಹೀಗಿತ್ತು: ಹೊರಗೆ ಡೋಲಿನವರು ಒಂದೇ ತಾಳವನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಅಜ್ಜಿಯವರ ಕ್ಷೀಣ ಧ್ವನಿಗಿಂತ ಆ ಪೆಟ್ಟುಗಳೇ ಗೆರೆಯಲ್ಲಿ ದೊಡ್ಡವು. ತಾಳದ ಒಂದು ಸುತ್ತು ಮತ್ತೊಂದರಂತೆಯೇ ಇರುವುದರಿಂದ ತಂತ್ರಾಂಶವು ಒಂದು ಸುತ್ತು, ಎಂದರೆ ಸುಮಾರು ಮೂರು ಸೆಕೆಂಡು, ತಪ್ಪಿ ಕೂಡಿಸಿತ್ತು.

ಇಂಥಲ್ಲಿ ಒಂದೇ ಸಲ ಕೇಳಿಬಂದ ಸದ್ದನ್ನು ಹುಡುಕಬೇಕು. ಹಾಡಿನ ಎರಡನೆಯ ನುಡಿಯ ನಡುವೆ ಯಾರದೋ ಕೈಯ ಹಿತ್ತಾಳೆಯ ಚೊಂಬು ಕಲ್ಲಿನ ಮೆಟ್ಟಿಲಿಗೆ ತಗುಲಿ ಠಣ್ಣೆಂದಿತ್ತು. ಎರಡು ಗೆರೆಗಳಲ್ಲಿಯೂ ಆ ಮೊನೆಯನ್ನು ಗುರುತಿಸಿ ಒಂದರ ಮೇಲೊಂದನ್ನು ಇಟ್ಟೆವು. ಆಮೇಲೆ ಕ್ಯಾಮರಾದ ಧ್ವನಿಯನ್ನು ಎಡಗಿವಿಗೂ ರೆಕಾರ್ಡರಿನದನ್ನು ಬಲಗಿವಿಗೂ ಕೊಟ್ಟು ಕೇಳಿದೆವು. ಅಂತರವಿದ್ದರೆ ಬಾವಿಯೊಳಗೆ ಕೂಗಿದಂತೆ ಮಾರ್ದನಿ ಕೇಳುವುದು. ಸರಿಯಾಗಿದ್ದರೆ ಒಂದೇ ಧ್ವನಿಯು ತಲೆಯ ನಡುವೆ ನಿಂತಂತಾಗುವುದು. ಕೊನೆಗೆ ತುಟಿಗಳನ್ನು ನೋಡಿದೆವು. ಪ, ಬ, ಮ ಎಂಬ ಅಕ್ಷರಗಳಿಗೆ ತುಟಿ ಮುಚ್ಚದೆ ವಿಧಿಯಿಲ್ಲ. ಹಲ್ಲಿಲ್ಲದವರಿಗೂ ಈ ನಿಯಮ ಒಂದೇ. ಮುಚ್ಚಿದ ತುಟಿ ತೆರೆಯುವ ಚಿತ್ರದಲ್ಲಿಯೇ ‘ಮ’ಕಾರ ಕೇಳಿದರೆ ಕೆಲಸ ಸರಿಯೆಂದು ತಿಳಿಯಬೇಕು.

ಮೊದಲ ಕ್ಯಾಮರಾ ಎಡೆಬಿಡದೆ ನಡೆದುದರಿಂದ ಒಂದು ಚಪ್ಪಾಳೆಯೇ ಸಾಕೆಂದು ತೋರಬಹುದು, ಸಾಲದು. ಒಂದೊಂದು ಯಂತ್ರವೂ ತನ್ನೊಳಗಿನ ಹರಳಿನ ಮಿಡಿತದಿಂದ ಕಾಲವನ್ನು ಅಳೆಯುತ್ತದೆ. ಎರಡು ಹರಳುಗಳು ಸರಿಸಮವಾಗಿ ಮಿಡಿಯುವುದು ಅಪರೂಪ. ಸಮಾರಂಭದ ಕೊನೆಯಲ್ಲಿ, ಮೊದಲಿನದಕ್ಕೆ ಸರಿಯಾಗಿ ಎರಡು ಗಂಟೆಗಳಾದ ಮೇಲೆ, ನಮ್ಮ ಹುಡುಗನು ಎರಡನೆಯ ಚಪ್ಪಾಳೆ ತಟ್ಟಿದ್ದನು. ಮೊದಲನೆಯದನ್ನು ಹೊಂದಿಸಿ ಕೊನೆಗೆ ಬಂದು ನೋಡಿದರೆ, ಅಂಗೈ ಕೂಡುವುದಕ್ಕೆ ನಾಲ್ಕು ಚಿತ್ರಗಳ ಮೊದಲೇ ರೆಕಾರ್ಡರಿನ ಸದ್ದು ಬಂದುಬಿಟ್ಟಿತ್ತು. 7,200 ಸೆಕೆಂಡುಗಳಲ್ಲಿ ಇದು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಮಾತ್ರವೇ ಆದರೂ ಅಕ್ಷತೆಯ ಹೊತ್ತಿನ ಮಾತುಗಳನ್ನು ಕೆಡಿಸಲು ಸಾಕು. ಎರಡು ಗಂಟೆಗೆ ನಾಲ್ಕು, ಎಂದರೆ ಅರ್ಧ ಗಂಟೆಗೆ ಒಂದು ಚಿತ್ರದಷ್ಟು ಅಂತರ. ಆದುದರಿಂದ 15, 45, 75, 105ನೆಯ ನಿಮಿಷಗಳ ಆಸುಪಾಸಿನಲ್ಲಿ, ಯಾರೂ ಮಾತನಾಡದ ಸಂದು ನೋಡಿ ರೆಕಾರ್ಡರಿನ ಧ್ವನಿಯನ್ನು ಕತ್ತರಿಸಿ, ಒಂದೊಂದು ಚಿತ್ರದಷ್ಟು ಹಿಂದಕ್ಕೆ ತಳ್ಳಿದೆವು. ಇದರಿಂದ ಎಲ್ಲಿಯೂ ಅಂತರವು ಅರ್ಧ ಚಿತ್ರಕ್ಕಿಂತ ಹೆಚ್ಚು ಮೀರಲಿಲ್ಲ. ಎರಡನೆಯ ಚಪ್ಪಾಳೆ ಇಲ್ಲದಿದ್ದರೆ ಈ ಲೆಕ್ಕಕ್ಕೆ ಆಧಾರವೇ ಇರುತ್ತಿರಲಿಲ್ಲ.

ಚಿತ್ರವನ್ನು ಒಪ್ಪಿಸಿದ ಒಂದು ತಿಂಗಳಿಗೆ ಆ ಸೊಸೆಯವರು ಹಾಡನ್ನು ಪೂರ್ತಿಯಾಗಿ ಬರೆದುಕೊಂಡಿದ್ದರು. ತಾವು ಇಷ್ಟು ದಿನ ‘ಹೂವಿನ’ ಎಂದು ಕೇಳಿಸಿಕೊಂಡಿದ್ದ ಮಾತು, ತುಟಿ ನೋಡಿದ ಮೇಲೆ ‘ಮಾವಿನ’ ಎಂದು ತಿಳಿಯಿತೆಂದು ಹೇಳಿದರು. ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ನಿಮ್ಮ ಮನೆಯ ಮದುವೆಯಲ್ಲಿ ಚಿತ್ರದವರು ಮಂಟಪದ ಮುಂದೆ ನಿಂತು ಚಪ್ಪಾಳೆ ತಟ್ಟುವಾಗ ಓಲಗದವರನ್ನು ಅರೆನಿಮಿಷ ಸುಮ್ಮನಿರಲು ಹೇಳಿ, ಸಮಾರಂಭ ಮುಗಿದು ಜನರು ಊಟಕ್ಕೆ ಏಳುವ ಮುನ್ನ ಮತ್ತೊಂದು ಅರೆನಿಮಿಷವನ್ನೂ ಕೊಡಿ.